ಬೆಳ್ಳಾರೆಯ ಖಜಾನೆಯನ್ನು ಎಲ್ಲಿ ಇಡುತ್ತೀಯ?

ಮಡಿಕೇರಿ

ಪ್ರೀತಿಯ ಮಗಳೇ,

ನೀನು ಕಳಿಸಿದ ಕಟ್ಟು ಮಳೆಯಲ್ಲಿ ಸ್ವಲ್ಪ ನೆಂದಿದ್ದರೂ ಕೈಸೇರಿತು. ಪಾಠ ಕೇಳುತ್ತಾ ಬರೆದ ನೋಟ್ಸು, ಅದರಿಂದ ಪರೀಕ್ಷೆಯ ಗೈಡಿಗೆಂದು ನೀನು ಮಾಡಿದ ಉತ್ತರದ ಚೌಕಟ್ಟುಗಳು, ಕೊನೆಯಲ್ಲಿ ಆ ಒಂದು ಸಾಲು: ‘ಗೈಡು ಬರೆಯೋದು ಬರವಣಿಗೆಯೇ ಅಲ್ಲ ಅಂತಾರೆ ಸರ್, ಬಿಟ್ಟುಬಿಡಲಾ?’ ಬಿಡಬೇಡ. ಹಾಗೆ ಹೇಳಿದವರು ಒಂದು ದೊಡ್ಡ ಪ್ರಶ್ನೆಗೆ ನಾಲ್ಕು ಪುಟದಲ್ಲಿ ನೆಟ್ಟಗೆ ವಾದ ಮಾಡಿ ತೋರಿಸಲಿ, ಆಮೇಲೆ ಮಾತಾಡೋಣ.

ಅಕ್ಷರ ದುಂಡಗಿರಬೇಕು, ಗೆರೆ ಎಳೆಯಬೇಕು, ಗಡಿಯಾರ ನೋಡಿಕೊಳ್ಳಬೇಕು, ಇವನ್ನೆಲ್ಲ ನಿನ್ನ ಕಾಲೇಜಿನಲ್ಲೇ ಹೇಳಿರುತ್ತಾರೆ. ನಾನು ಒಂದೇ ಹಾಳೆಯ ಬಗ್ಗೆ ಬರೆಯುತ್ತೇನೆ. ಕೊಡಗು, ಸುಳ್ಯ ಕಡೆಯ ಜನ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆಯ ಹಾಳೆ. ‘ದಂಗೆಯ ಕಾರಣಗಳನ್ನು ಚರ್ಚಿಸಿ’ ಎಂಬ ಪ್ರಶ್ನೆಗೆ ನೀನು ಪೀಠಿಕೆ, ರಾಜಕೀಯ ಕಾರಣ, ಆರ್ಥಿಕ ಕಾರಣ, ಸಾಮಾಜಿಕ ಕಾರಣ, ಉಪಸಂಹಾರ ಅಂತ ಐದು ಮನೆ ಮಾಡಿದ್ದೀಯ. ಇದೇ ಐದು ಮನೆ 1857ಕ್ಕೂ ಹೊಂದುತ್ತದೆ, ಫ್ರಾನ್ಸಿನ ಕ್ರಾಂತಿಗೂ ಹೊಂದುತ್ತದೆ. ಅಡುಗೆಮನೆಯ ಖಾಲಿ ಡಬ್ಬಿಗಳ ಮೇಲೆ ಚೀಟಿ ಅಂಟಿಸಿದ ಹಾಗಾಯಿತು, ಒಳಗೆ ಏನಿದೆ ಅಂತ ಚೀಟಿ ಹೇಳೋದಿಲ್ಲ.

‘ಆರ್ಥಿಕ ಕಾರಣ’ ಅನ್ನುವುದು ವಾದವಲ್ಲ. ಯಾರೂ ಅದನ್ನು ಇಲ್ಲ ಅನ್ನಲಾರರು, ಹೌದು ಅನ್ನಲೂ ಆಗದು. ವಾದ ಅಂದರೆ ಒಂದು ಪೂರ್ತಿ ವಾಕ್ಯ. ನಿನ್ನದೇ ನೋಟ್ಸಿನಲ್ಲಿ ಅದು ಬಿದ್ದಿದೆ ನೋಡು. ಕೊಡಗಿನ ರಾಜರ ಕಾಲದಲ್ಲಿ ಸುಳ್ಯ ಕಡೆಯ ರೈತರು ಕಂದಾಯವನ್ನು ದವಸದಲ್ಲಿ ಕೊಡುತ್ತಿದ್ದರು. 1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಆ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು, ಕಂದಾಯವನ್ನು ನಗದಿನಲ್ಲಿ ಕೇಳಿತು. ನಗದು ಬೇಕೆಂದರೆ ಬೆಳೆ ಮಾರಬೇಕು, ಇಲ್ಲ ಸಾಲ ಮಾಡಬೇಕು. ಹಾಗಾದರೆ ನಿನ್ನ ವಾಕ್ಯ ಇದು: ‘ಕಂದಾಯವನ್ನು ದವಸದ ಬದಲು ಹಣದಲ್ಲಿ ಕೇಳಿದ್ದು ಸುಳ್ಯದ ರೈತರನ್ನು ದಂಗೆಗೆ ತಂದಿತು.’ ಇದನ್ನು ಒಬ್ಬರು ಒಪ್ಪಬಹುದು, ಇನ್ನೊಬ್ಬರು ಜಗಳಕ್ಕೆ ಬರಬಹುದು. ಜಗಳಕ್ಕೆ ಯಾರೂ ಬರಲಾರದ ವಾಕ್ಯವನ್ನು ಚೌಕಟ್ಟಿನಿಂದ ತೆಗೆದುಹಾಕು.

ಪಾಠ ಕಾಲದ ಕ್ರಮದಲ್ಲಿ ಹೋಗುತ್ತದೆ. ಮೇಷ್ಟ್ರು ಕೊಡಗನ್ನು ಆಳಿದ ಹಾಲೇರಿ ಅರಸರಿಂದ ಶುರುಮಾಡಿ ನೇಣುಗಂಬಕ್ಕೆ ಬಂದು ನಿಲ್ಲಿಸುತ್ತಾರೆ, ಅದು ಸರಿಯೇ. ಉತ್ತರಕ್ಕೆ ಆ ಕ್ರಮ ಬೇಡ. ನೋಟ್ಸಿನ ಅಂಚಿನಲ್ಲಿ ಪೆನ್ಸಿಲ್ ಹಿಡಿದು ಪ್ರತಿ ಸಾಲಿಗೂ ಒಂದು ಗುರುತು ಹಾಕು: ಇದು ವಾದ, ಇದು ಸಾಕ್ಷಿ, ಇದು ಬರೀ ಕಥೆ. ಕಥೆಯೇ ಜಾಸ್ತಿ ಬರುತ್ತದೆ, ಗಾಬರಿಯಾಗಬೇಡ. ಆಮೇಲೆ ಒಂದೊಂದು ಸಾಕ್ಷಿಯನ್ನೂ ಎತ್ತಿ ಯಾವ ವಾದದ ಕೆಳಗೆ ಇಡಬೇಕು ಅಂತ ನೋಡು.

ಉದಾಹರಣೆಗೆ ಬೆಳ್ಳಾರೆ. ದಂಗೆಕೋರರು ಮಂಗಳೂರಿಗೆ ಹೋಗುವ ಮೊದಲೇ ಬೆಳ್ಳಾರೆಯ ಸರ್ಕಾರಿ ಖಜಾನೆಗೆ ಕೈಹಾಕಿದರು. ನೀನು ಇದನ್ನು ‘ದಂಗೆಯ ಘಟನೆಗಳು’ ಅಂತ ಬೇರೆ ಕಡೆ ತಳ್ಳಿದ್ದೀಯ, ಅಲ್ಲಿ ಅದು ಸುಮ್ನೆ ಒಂದು ಊರಿನ ಹೆಸರು. ಕಂದಾಯದ ವಾದದ ಕೆಳಗೆ ತಂದಿಡು. ಕಂದಾಯದ ದುಡ್ಡು ಸೇರುವ ಜಾಗಕ್ಕೇ ಮೊದಲು ಹೋದರು ಅಂದ ಕೂಡಲೇ ಆ ಊರು ನಿನ್ನ ಪರವಾಗಿ ಮಾತಾಡುತ್ತದೆ. ಎರಡನೆಯ ವಾದ, ಜನ ಹಾಲೇರಿ ಮನೆತನವನ್ನೇ ಮರಳಿ ತರಲು ಹೊರಟಿದ್ದರು ಅನ್ನುವುದು. ಅದಕ್ಕೆ ಸಾಕ್ಷಿ ಪುಟ್ಟಬಸಪ್ಪ. ಆತ ತಾನು ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಹೇಳಿಕೊಂಡೇ ಮುಂದೆ ನಿಂತ. ಆ ಹೆಸರಿಗೆ ಬೆಲೆ ಇಲ್ಲದಿದ್ದರೆ ಅದನ್ನು ಹೊತ್ತುಕೊಳ್ಳುವ ಅಗತ್ಯ ಇರಲಿಲ್ಲ, ಅಲ್ವಾ? ಏಪ್ರಿಲ್ 5ರಂದು ಮಂಗಳೂರು ಅವರ ಕೈಗೆ ಬಂತು, ಸುಮಾರು ಎರಡು ವಾರ ಇತ್ತು. ಇದು ಯಾವ ವಾದಕ್ಕೂ ಸಾಕ್ಷಿಯಲ್ಲ. ದಂಗೆ ಎಷ್ಟು ದೊಡ್ಡದು ಅಂತ ಮಾತ್ರ ಹೇಳುತ್ತದೆ. ಪೀಠಿಕೆಯಲ್ಲಿ ಒಂದು ಸಾಲು ಸಾಕು. ನೀನು ಅದಕ್ಕೇ ಒಂದು ಪುಟ ಕೊಟ್ಟಿದ್ದೀಯ.

ಇನ್ನು ನನ್ನ ಹಳೇ ಹಟಕ್ಕೆ ಬರುತ್ತೇನೆ. ನಿನ್ನ ಚೌಕಟ್ಟಿನಲ್ಲಿ ಒಂದು ಮನೆ ಇಲ್ಲವೇ ಇಲ್ಲ. ನಿನ್ನ ವಾದವನ್ನು ಕೆಡಿಸುವ ಸಾಕ್ಷಿಗೆ ಜಾಗ ಎಲ್ಲಿ? ನಿನ್ನ ಉಪಸಂಹಾರ ‘ಹೀಗೆ ಇಡೀ ಕೊಡಗು ಒಂದಾಗಿ ಬ್ರಿಟಿಷರ ವಿರುದ್ಧ ಎದ್ದಿತು’ ಅನ್ನುತ್ತದೆ. ನಿನ್ನ ನೋಟ್ಸಿನ ಏಳನೇ ಪುಟ ತೆಗೆ. ದಿವಾನ್ ಬೋಪು ಕಂಪನಿಯ ಕಡೆ ನಿಂತು ದಂಗೆ ಅಡಗಿಸಿದರು ಅಂತ ನೀನೇ ಬರೆದುಕೊಂಡಿದ್ದೀಯ. ಕಂಪನಿಗೆ ನಿಷ್ಠರಾಗಿ ಉಳಿದ ಕೊಡವರಿಗೆ ಪದಕ ಹೊಡೆಸಿ ಹಂಚಿದರು. ಚೌಕಟ್ಟಿಗೆ ಬರುವಾಗ ಬೋಪು ಎಲ್ಲಿ ಹೋದರು? ನಮ್ಮ ಊರಿನವರಿಗೆ ಬೇಜಾರಾಗುತ್ತದೆ ಅಂತ ಬಿಟ್ಟೆಯಾ? ಮಡಿಕೇರಿಯಲ್ಲಿ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆ ಇದೆ. 1837ರ ಅಕ್ಟೋಬರ್ 31ರಂದು ಅವರನ್ನು ಇದೇ ಊರಿನ ಕೋಟೆಯಲ್ಲಿ ನೇಣು ಹಾಕಿದರು. ಬೋಪು ಹೆಸರು ಬರೆದ ಮಾತ್ರಕ್ಕೆ ಆ ಪ್ರತಿಮೆ ಸಣ್ಣದಾಗುವುದಿಲ್ಲ.

ಆ ಮನೆ ಇದ್ದರೆ ವಾದ ಹೇಗೆ ಗಟ್ಟಿಯಾಗುತ್ತದೆ ಅಂತ ನೋಡು. 1834ರ ಮೇ 7ರಂದು ಕಂಪನಿಯ ಅಧಿಕಾರಿ ಫ್ರೇಸರ್ ಹೊರಡಿಸಿದ ಘೋಷಣೆಯನ್ನು ತಗೋ. ಕೊಡಗಿನ ನಿವಾಸಿಗಳ ಒಮ್ಮತದ ಇಚ್ಛೆಯಂತೆ ರಾಜ್ಯವನ್ನು ಕಂಪನಿಗೆ ಸೇರಿಸಲಾಗಿದೆ ಎಂಬುದು ಅದರ ತಾತ್ಪರ್ಯ. ನೀನು ಇದನ್ನು ಸುಳ್ಳು ಎಂದು ಒಂದೇ ಮಾತಲ್ಲಿ ತಳ್ಳಿದ್ದೀಯ. ಅದರ ಬದಲು ಬೋಪುವನ್ನೂ ಬೆಳ್ಳಾರೆಯನ್ನೂ ಅದರ ಪಕ್ಕದಲ್ಲಿಡು. ಮೇಲಿನ ಕೆಲವರ ಮಟ್ಟಿಗೆ ಆ ಮಾತಿನಲ್ಲಿ ನಿಜವಿತ್ತು, ಹಣದಲ್ಲಿ ಕಂದಾಯ ಕಟ್ಟಬೇಕಾದವರ ಮಟ್ಟಿಗೆ ಇರಲಿಲ್ಲ. ಮೂರೇ ವರ್ಷದಲ್ಲಿ ಆ ‘ಒಮ್ಮತ’ ಯಾರದು ಅಂತ ಗೊತ್ತಾಯಿತು. ಇದೇ ನಿನ್ನ ಉಪಸಂಹಾರ. ಇದು ‘ಇಡೀ ಕೊಡಗು’ ಅನ್ನುವುದಕ್ಕಿಂತ ಸಣ್ಣ ಮಾತು, ಆದರೆ ಇದರ ಹಿಂದೆ ಮೂರು ಸಾಕ್ಷಿ ನಿಂತಿವೆ. ಪ್ರಶ್ನೆಯಲ್ಲಿ ‘ಚರ್ಚಿಸಿ’ ಹೋಗಿ ‘ಕಾರಣಗಳನ್ನು ತಿಳಿಸಿ’ ಅಂತ ಬಂದರೆ ಈ ಮನೆಯನ್ನು ಎರಡು ಸಾಲಿಗೆ ಇಳಿಸು. ಪೂರ್ತಿ ಅಳಿಸಬೇಡ.

ಬಹಳ ಹಿಂದೆ ಒಬ್ಬ ಪ್ರಕಾಶಕರಿಗೆ ನಾನೂ ಇಂಥದ್ದೇ ಪುಸ್ತಕ ಬರೆದುಕೊಟ್ಟಿದ್ದೆ. ಅಚ್ಚಾಗಿ ಬಂದಾಗ ಎದುರು ಸಾಕ್ಷಿಯ ಪ್ಯಾರಾಗಳನ್ನೆಲ್ಲ ಕತ್ತರಿಸಿದ್ದರು. ಕೇಳಿದರೆ, ಮಕ್ಕಳಿಗೆ ಗೊಂದಲ ಆಗುತ್ತೆ ಅಂದರು. ಆಮೇಲೆ ಮೌಲ್ಯಮಾಪನಕ್ಕೆ ಹೋದಾಗ ಆ ಪುಸ್ತಕದ ಪೀಠಿಕೆ ಬಂಡಲ್‌ಗಟ್ಟಲೆ ಉತ್ತರಪತ್ರಿಕೆಗಳಲ್ಲಿ ಅಕ್ಷರ ತಪ್ಪದೆ ಎದುರಾಯಿತು. ಪ್ರಶ್ನೆ ಒಂದು, ಪೀಠಿಕೆ ಇನ್ನೊಂದು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಅದಕ್ಕೇ ಹೇಳುವುದು, ನೀನು ಪೀಠಿಕೆಯನ್ನು ತಯಾರು ಮಾಡಿ ಕೊಡಬೇಡ. ಓದುವವರಿಗೆ ಮೂರು ಕೆಲಸ ಕೊಡು: ಕಾಲ ಮತ್ತು ಜಾಗ ಒಂದು ವಾಕ್ಯದಲ್ಲಿ, ಪ್ರಶ್ನೆಯಲ್ಲಿರುವ ಜಗಳ ಇನ್ನೊಂದರಲ್ಲಿ, ಅದರಲ್ಲಿ ತಾನು ಯಾವ ಕಡೆ ಅನ್ನುವುದು ಮೂರನೆಯದರಲ್ಲಿ. ವಾದಗಳು ಸಿದ್ಧವಾದ ಮೇಲೆ ಅವರೇ ಬರೆದುಕೊಳ್ಳಲಿ. ಸಾಕ್ಷಿಗಳನ್ನು ಬಾಯಿಪಾಠ ಮಾಡಲಿ, ಪರವಾಗಿಲ್ಲ. ಬೆಳ್ಳಾರೆಯನ್ನು ಯಾರೂ ಸ್ವಂತ ಬುದ್ಧಿಯಿಂದ ಹುಟ್ಟಿಸಲಾರರು.

ಉಳಿದ ಚೌಕಟ್ಟುಗಳನ್ನು ನಾನು ಓದಿಲ್ಲ, ಈಗಲೇ ಓದುವುದೂ ಇಲ್ಲ. ಈ ಒಂದು ಹಾಳೆಯನ್ನು ತಿದ್ದಿ ಕಳಿಸು. ಬೋಪು ಇರಲಿ, ಪೀಠಿಕೆ ಬೇಡ. ಮತ್ತೆ ಕಟ್ಟಿಗೆ ಪ್ಲಾಸ್ಟಿಕ್ ಸುತ್ತು, ಹೋದ ಸಲ ಎಂಟನೇ ಪುಟ ಓದಲಿಕ್ಕೇ ಆಗಲಿಲ್ಲ.

ಇಂತಿ,
ನಿನ್ನ ಮೇಷ್ಟ್ರು