ಉದ್ರಿ ಲೆಕ್ಕದ ಆ್ಯಪ್: ಹೊಸ ಆವೃತ್ತಿ ಹಳೆಯದರ ಮೇಲೆ ಏಕೆ ಕೂರಲಿಲ್ಲ

ಆತ್ಮೀಯ ಗ್ರಾಹಕರೇ,

ಮೊದಲಿಗೆ ಒಂದು ಮನವಿ. ಈ ಪತ್ರವನ್ನು ಕೊನೆಯವರೆಗೆ ಓದುವ ತನಕ ನಿಮ್ಮ ಮೊಬೈಲ್‌ನಲ್ಲಿರುವ ನಮ್ಮ ಉದ್ರಿ ಲೆಕ್ಕದ ಆ್ಯಪ್ ಅನ್ನು ದಯವಿಟ್ಟು ಅಳಿಸಬೇಡಿ. ಅದು ಈಗಿರುವಂತೆಯೇ ಕೆಲಸ ಮಾಡುತ್ತದೆ, ನಿಮ್ಮ ಲೆಕ್ಕ ಅದರೊಳಗೆ ಕ್ಷೇಮವಾಗಿದೆ.

ಕಳೆದ ತಿಂಗಳು ನಾವು 3.5 ಆವೃತ್ತಿಯ ಫೈಲನ್ನು ನಿಮಗೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೆವು. ಹಿಂದಿನ ಆವೃತ್ತಿಗಳನ್ನು ಹಾಕಿಕೊಂಡಂತೆಯೇ ಇದನ್ನೂ ಹಾಕಿಕೊಳ್ಳಲು ಹೋದವರಿಗೆ ಫೋನು ಹೀಗೆ ಹೇಳಿತು:

```
App not installed as package conflicts with an existing package
```

ಹಳೆಯ ಫೋನುಗಳಲ್ಲಿ ಬರೀ `App not installed` ಎಂದಷ್ಟೇ ಬಂದಿರಬಹುದು. ಜಾಗ ಸಾಲದಿದ್ದಾಗಲೂ ಫೈಲು ಅರ್ಧಕ್ಕೆ ಇಳಿದಾಗಲೂ ಇದೇ ಮಾತು ಬರುವುದರಿಂದ, ಹಲವರು ಫೋಟೋಗಳನ್ನು ಅಳಿಸಿ, ಫೋನನ್ನು ಆರಿಸಿ ಹಚ್ಚಿ, ಮತ್ತೆ ಮತ್ತೆ ಪ್ರಯತ್ನಿಸಿದ್ದೀರಿ. ದೋಷ ನಿಮ್ಮ ಫೋನಿನದಲ್ಲ, ನಮ್ಮದು. ನಮ್ಮ ಕಚೇರಿಯಲ್ಲಿ ಕಂಪ್ಯೂಟರ್‌ಗೆ ಫೋನನ್ನು ಜೋಡಿಸಿ ಹಾಕಿ ನೋಡಿದಾಗ ಫೋನು ನಿಜವಾದ ಕಾರಣವನ್ನು ಬಿಡಿಸಿ ಹೇಳಿತು:

```
INSTALL_FAILED_UPDATE_INCOMPATIBLE
```

ಹೊಸ ಫೈಲಿನ ಸಹಿ ಹಳೆಯದರ ಸಹಿಗೆ ಹೊಂದುತ್ತಿಲ್ಲ ಎಂಬುದು ಇದರ ಅರ್ಥ. ಅದು ಹೇಗೆ ಆಯಿತು ಎಂಬುದನ್ನು ಮುಚ್ಚಿಡದೆ ಹೇಳುವುದು ನಮ್ಮ ಕರ್ತವ್ಯ.

ನೀವು ಬ್ಯಾಂಕಿನಲ್ಲಿ ಖಾತೆ ತೆರೆದ ದಿನ ಒಂದು ಕಾರ್ಡಿನ ಮೇಲೆ ನಿಮ್ಮ ಮಾದರಿ ಸಹಿಯನ್ನು ತೆಗೆದುಕೊಳ್ಳುತ್ತಾರೆ. ಮುಂದೆ ನಿಮ್ಮ ಹೆಸರಿನಲ್ಲಿ ಯಾವ ಚೆಕ್ ಬಂದರೂ ಆ ಕಾರ್ಡಿನ ಜೊತೆ ಹೋಲಿಸುತ್ತಾರೆ. ಆಂಡ್ರಾಯ್ಡ್ ಫೋನು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಒಂದು ಆ್ಯಪ್ ಮೊದಲ ಬಾರಿ ಫೋನಿಗೆ ಬಂದಾಗ ಎರಡು ಸಂಗತಿಗಳನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಒಂದು, ಆ್ಯಪ್‌ನ ಒಳಹೆಸರು. ಪರದೆಯ ಮೇಲೆ ಕಾಣುವ ಹೆಸರಲ್ಲ, ಪ್ಯಾಕೇಜ್ ಹೆಸರು ಎಂದು ಕರೆಯುವ, ಚುಕ್ಕಿಗಳಿಂದ ಜೋಡಿಸಿದ ಹೆಸರು. ಇನ್ನೊಂದು, ಅದನ್ನು ತಯಾರಿಸಿದವರ ಸಹಿ. ಫೈಲಿಗೆ ಸಹಿ ಹಾಕಲು ತಯಾರಕರ ಬಳಿ ಒಂದು ಗುಪ್ತ ಕೀಲಿ ಇರುತ್ತದೆ. ಸಹಿಯನ್ನು ಪರೀಕ್ಷಿಸಲು ಬೇಕಾದ ಬಹಿರಂಗ ಭಾಗ ಮಾತ್ರ ಆ್ಯಪ್‌ನೊಂದಿಗೆ ನಿಮ್ಮ ಫೋನಿಗೆ ಬರುತ್ತದೆ.

ಆಮೇಲೆ ಫೋನು ಆ ಆ್ಯಪ್‌ಗೆಂದೇ ಒಂದು ಕೋಣೆಯನ್ನು ಕೊಡುತ್ತದೆ. ನಿಮ್ಮ ಗಿರಾಕಿಗಳ ಹೆಸರು, ಯಾರು ಎಷ್ಟು ಬಾಕಿ, ಯಾವಾಗ ಎಷ್ಟು ಕೊಟ್ಟರು ಎಂಬುದೆಲ್ಲ ಆ ಕೋಣೆಯಲ್ಲಿರುತ್ತದೆ. ಬೇರೆ ಯಾವ ಆ್ಯಪ್‌ಗೂ ಅದರೊಳಗೆ ಇಣುಕಲು ಅವಕಾಶವಿಲ್ಲ. ಆದರೆ ಅದೇ ಒಳಹೆಸರಿನ ಹೊಸ ಆವೃತ್ತಿ ಬಂದರೆ ಇಡೀ ಕೋಣೆ ಅದರ ವಶಕ್ಕೆ ಹೋಗುತ್ತದೆ. ಆದ್ದರಿಂದಲೇ ಬಾಗಿಲಲ್ಲಿ ಸಹಿಯ ತಪಾಸಣೆ. ಒಳಹೆಸರನ್ನು ಯಾರು ಬೇಕಾದರೂ ನಕಲು ಮಾಡಬಹುದು. ಸಹಿಯ ದಾಖಲೆಯಲ್ಲಿ ನಮ್ಮ ಸಂಸ್ಥೆಯ ಹೆಸರನ್ನೇ ಬರೆದುಕೊಳ್ಳಲೂಬಹುದು, ಏಕೆಂದರೆ ಆ ದಾಖಲೆಯನ್ನು ತಯಾರಕರು ತಾವೇ ಬರೆದುಕೊಳ್ಳುತ್ತಾರೆ. ಫೋನು ಆ ಹೆಸರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೀಲಿ ಅದೇ ಹೌದೋ ಅಲ್ಲವೋ ಎಂಬುದನ್ನು ಮಾತ್ರ ನೋಡುತ್ತದೆ. ಈ ತಪಾಸಣೆ ಇಲ್ಲದಿದ್ದರೆ, ಯಾರೋ ಅಪರಿಚಿತರು ನಮ್ಮ ಹೆಸರಿನಲ್ಲಿ ಕಳುಹಿಸಿದ ಒಂದು ಫೈಲು ನಿಮ್ಮ ಅಂಗಡಿಯ ಲೆಕ್ಕವನ್ನೆಲ್ಲ ಒಂದೇ ಗಳಿಗೆಯಲ್ಲಿ ಓದಿಬಿಡಬಹುದಿತ್ತು. ನಿಮ್ಮ ಫೋನು 3.5 ಅನ್ನು ತಿರಸ್ಕರಿಸಿದ್ದು ಸರಿಯಾದ ಕೆಲಸವೇ.

3.5ಕ್ಕೆ ನಾವು ಬೇರೆ ಕೀಲಿಯಿಂದ ಸಹಿ ಹಾಕಿದ್ದೆವು, ಏಕೆಂದರೆ ಹಳೆಯ ಕೀಲಿ ನಮ್ಮ ಬಳಿ ಈಗ ಇಲ್ಲ. ಅದು ಕಚೇರಿಯ ಒಂದು ಕಂಪ್ಯೂಟರ್‌ನಲ್ಲಿದ್ದ ಚಿಕ್ಕ ಫೈಲು. ಆ್ಯಪ್‌ನ ಮೂಲ ಬರಹವೆಲ್ಲ ಬೇರೆಡೆ ಸರ್ವರ್‌ನಲ್ಲಿತ್ತು. ಕೀಲಿಯನ್ನು ಅದರ ಜೊತೆಗೆ ಇಡಬಾರದೆಂದು ಬೇಕೆಂದೇ ಬೇರೆ ಇಟ್ಟಿದ್ದೆವು. ಅದು ಸರಿಯಾದ ಕ್ರಮ. ಎರಡನೆಯ ಪ್ರತಿಯನ್ನು ಮಾಡದೇ ಇದ್ದದ್ದು ತಪ್ಪು. ಆ ಕಂಪ್ಯೂಟರ್‌ನ ಡಿಸ್ಕ್ ಕೆಟ್ಟಿತು. ಕೀಲಿಯ ಪಾಸ್‌ವರ್ಡ್ ಬರೆದಿಟ್ಟ ಪುಸ್ತಕ ಇಂದಿಗೂ ನಮ್ಮ ಮೇಜಿನ ಮೇಲಿದೆ, ಆ ಪಾಸ್‌ವರ್ಡ್‌ನಿಂದ ತೆರೆಯಬೇಕಾದ ಫೈಲು ಮಾತ್ರ ಇಲ್ಲ.

ನಿಮ್ಮ ಫೋನುಗಳಲ್ಲಿರುವ ಆ್ಯಪ್‌ನಿಂದಲೇ ಆ ಕೀಲಿಯನ್ನು ಮರಳಿ ಪಡೆಯಬಹುದಲ್ಲವೇ ಎಂದು ಕೆಲವರು ಕೇಳಿದ್ದೀರಿ. ಅದರಲ್ಲಿರುವುದು ಬಹಿರಂಗ ಭಾಗ ಮಾತ್ರ. ಅದರಿಂದ ಗುಪ್ತ ಭಾಗವನ್ನು ಲೆಕ್ಕ ಹಾಕಿ ತೆಗೆಯಲು ಯಾರಿಗೂ ಸಾಧ್ಯವಾಗಬಾರದು ಎಂಬುದೇ ಈ ವ್ಯವಸ್ಥೆಯ ತಳಹದಿ. 2018ರ ಆಂಡ್ರಾಯ್ಡ್ 9ರಿಂದ ಈಚೆಗೆ ಕೀಲಿಯನ್ನು ಬದಲಿಸುವ ಅಧಿಕೃತ ದಾರಿಯೊಂದಿದೆ. ಆದರೆ ಹೊಸ ಕೀಲಿಯೂ ನನ್ನದೇ ಎಂದು ಹಳೆಯ ಕೀಲಿ ಸಹಿ ಮಾಡಿ ಸಾಕ್ಷಿ ಹೇಳಬೇಕು. ಸಾಕ್ಷಿ ಹೇಳಬೇಕಾದ ಕೀಲಿಯೇ ಕಳೆದುಹೋದ ಮೇಲೆ ಆ ದಾರಿ ಮುಚ್ಚಿತು. ಬ್ಯಾಂಕಿನಲ್ಲಾದರೆ ಆಧಾರ್ ತೋರಿಸಿ ಸಹಿ ಬದಲಿಸಿಕೊಳ್ಳಬಹುದು. ಫೋನಿನ ಮುಂದೆ ಹಾಗೆ ನಿಂತು ನಾವೇ ನಾವು ಎಂದು ಹೇಳಿಕೊಳ್ಳುವ ಕಿಟಕಿಯೇ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು, 3.5 ಅನ್ನು ಅದೇ ಒಳಹೆಸರಿನಲ್ಲಿ ಕಳುಹಿಸಿದ್ದು. ಅದರ ಫಲವನ್ನು ಅರಸೀಕೆರೆಯ ಕಿರಾಣಿ ಅಂಗಡಿಯ ಒಬ್ಬ ಗ್ರಾಹಕರು ಅನುಭವಿಸಿದರು. ಹೊಸದು ಕೂರುತ್ತಿಲ್ಲವೆಂದು ಅವರು ಹಳೆಯದನ್ನು ಅಳಿಸಿದರು. ಆಗ 3.5 ತಕರಾರಿಲ್ಲದೆ ಕುಳಿತಿತು. ತೆರೆದು ನೋಡಿದರೆ ಒಂದು ಹೆಸರೂ ಇರಲಿಲ್ಲ. ಆ್ಯಪ್ ಅಳಿಸಿದಾಗ ಅದರ ಕೋಣೆಯೂ ಹೋಗುತ್ತದೆ. ಪ್ರತಿ ರಾತ್ರಿ ತಾನಾಗಿ ಆಗುತ್ತಿದ್ದ ಬ್ಯಾಕಪ್ ಕೂಡ ಆ್ಯಪ್‌ನದೇ ಫೋಲ್ಡರ್‌ನಲ್ಲಿ, ಎಂದರೆ `Android/data` ಒಳಗೆ ಇದ್ದುದರಿಂದ, ಅದೂ ಜೊತೆಗೇ ಅಳಿಯಿತು. ಆ ಫೋಲ್ಡರ್ ಅನ್ನು ಆರಿಸಿದವರು ನಾವೇ. ಗೂಗಲ್ ಖಾತೆಯ ಬ್ಯಾಕಪ್ ಮರಳಿ ಇಳಿಯುವಾಗಲೂ ಸಹಿಯನ್ನು ಹೋಲಿಸಿಯೇ ಇಳಿಯುವುದರಿಂದ ಅದೂ ನೆರವಾಗಲಿಲ್ಲ. ಜನವರಿಯಲ್ಲಿ ಅವರು ಮಗನ ವಾಟ್ಸ್‌ಆ್ಯಪ್‌ಗೆ ಒಮ್ಮೆ ಕಳುಹಿಸಿದ್ದ ಬ್ಯಾಕಪ್ ಫೈಲು ಸಿಕ್ಕಿತು. ಅಲ್ಲಿಂದ ಮುಂದಿನ ಉದ್ರಿಯನ್ನು ನಮ್ಮವರಿಬ್ಬರು ಎರಡು ದಿನ ಅವರ ಅಂಗಡಿಯಲ್ಲಿ ಕುಳಿತು, ಬಂದ ಗಿರಾಕಿಗಳನ್ನೇ ಕೇಳಿ ಬರೆದುಕೊಂಡರು. ಬಹುಪಾಲು ಜನ ಪ್ರಾಮಾಣಿಕವಾಗಿ ಹೇಳಿದರು. ಆದರೂ ಕೆಲವು ಬಾಕಿಗಳು ಸಿಗಲಿಲ್ಲ. ಆ ಮೊತ್ತವನ್ನು ನಾವು ತುಂಬಿಕೊಟ್ಟಿದ್ದೇವೆ. ಅವರಲ್ಲಿ ಕ್ಷಮೆ ಕೇಳಿದ್ದೇವೆ, ನಿಮ್ಮೆಲ್ಲರಲ್ಲೂ ಕೇಳುತ್ತೇವೆ.

3.5 ಅನ್ನು ಹಿಂದಕ್ಕೆ ಪಡೆದಿದ್ದೇವೆ. ಅದರ ಬದಲಿಗೆ ಬಂದಿರುವ 4.0ಕ್ಕೆ ಹೊಸ ಒಳಹೆಸರು ಕೊಟ್ಟಿದ್ದೇವೆ. ಹೆಸರು ಬೇರೆಯಾದ್ದರಿಂದ ಫೋನು ಅದನ್ನು ಬೇರೆಯೇ ಆ್ಯಪ್ ಎಂದು ಪರಿಗಣಿಸುತ್ತದೆ. ಹಳೆಯದರ ಪಕ್ಕದಲ್ಲಿ ಅದಕ್ಕೆ ಬೇರೆ ಕೋಣೆ ಕೊಡುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಕೆಲವು ದಿನ ನಿಮ್ಮ ಪರದೆಯ ಮೇಲೆ ನಮ್ಮ ಎರಡು ಚಿಹ್ನೆಗಳು ಕಾಣುತ್ತವೆ. ಹಳೆಯದು ನೀಲಿ, ಹೊಸದು ಹಸಿರು. 4.0 ತಾನಾಗಿ ಹಳೆಯ ಕೋಣೆಯ ಲೆಕ್ಕವನ್ನು ಓದಲಾರದು. ಆ ಗೋಡೆ ನಮಗೂ ಅನ್ವಯಿಸುತ್ತದೆ. ಲೆಕ್ಕವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ನೀವೇ ಸಾಗಿಸಬೇಕು.

ನೀಲಿ ಆ್ಯಪ್‌ನಲ್ಲಿ ಬ್ಯಾಕಪ್ ಒತ್ತಿ, ನಂತರ ‘ಫೈಲ್ ಹಂಚಿ’ ಎಂಬುದನ್ನು ಆರಿಸಿ, ಮನೆಯವರ ವಾಟ್ಸ್‌ಆ್ಯಪ್‌ಗೋ ನಿಮ್ಮ ಡ್ರೈವ್‌ಗೋ ಕಳುಹಿಸಿ. ಫೈಲು ಫೋನಿನಿಂದ ಹೊರಗೆ ಒಂದು ಕಡೆ ಇರಬೇಕು ಎಂಬುದು ಮುಖ್ಯ. ಕಳುಹಿಸಿದ ಫೈಲಿನ ಹೆಸರಿನಲ್ಲಿ ಆ ದಿನದ ತಾರೀಖು ಇದೆಯೇ ನೋಡಿ. ಬಳಿಕ ಹಸಿರು ಆ್ಯಪ್ ಅನ್ನು ಹಾಕಿಕೊಂಡು ‘ಹಳೆಯ ಲೆಕ್ಕ ತನ್ನಿ’ ಒತ್ತಿ, ಆ ಫೈಲನ್ನು ತೋರಿಸಿ. ಈಗ ಎರಡೂ ಆ್ಯಪ್‌ಗಳ ಮೊದಲ ಪುಟವನ್ನು ಅಕ್ಕಪಕ್ಕ ನೋಡಿ: ಗಿರಾಕಿಗಳ ಸಂಖ್ಯೆ ಮತ್ತು ಒಟ್ಟು ಬಾಕಿ ಎರಡೂ ಕಡೆ ಒಂದೇ ಇರಬೇಕು. ನಿತ್ಯ ಬರುವ ಒಬ್ಬ ಗಿರಾಕಿಯ ಪುಟ ತೆರೆದು ಕೊನೆಯ ವ್ಯವಹಾರ ಬಂದಿದೆಯೇ ಎಂದೂ ನೋಡಿ. ಬಂದಿದ್ದರೆ ಅಲ್ಲಿಂದ ಮುಂದೆ ಹಸಿರಿನಲ್ಲಿ ಮಾತ್ರ ಬರೆಯಿರಿ. ಎರಡರಲ್ಲೂ ಬರೆಯಲು ಹೋದರೆ ಆಮೇಲೆ ಕೂಡಿಸುವುದು ಬಹಳ ಕಷ್ಟ. ನೀಲಿಯನ್ನು ಅಳಿಸಲು ಅವಸರ ಬೇಡ, ಒಂದು ತಿಂಗಳು ಹಾಗೆಯೇ ಇರಲಿ. ಈಗಾಗಲೇ 3.5 ಹಾಕಿಕೊಂಡು ಅದರಲ್ಲಿ ಬರೆಯುತ್ತಿರುವವರಿಗೂ ಇದೇ ಕ್ರಮ.

ಒಂದು ಅಪಾಯವನ್ನು ವಿಶೇಷವಾಗಿ ಗಮನಕ್ಕೆ ತರುತ್ತೇವೆ. ಖಾತೆ ಮುಚ್ಚಿದ ಮೇಲೆ ಮಾದರಿ ಸಹಿಯ ಕಾರ್ಡಿಗೆ ಬೆಲೆ ಇಲ್ಲದಂತೆ, ಆ್ಯಪ್ ಅನ್ನು ಪೂರ್ತಿ ಅಳಿಸಿದ ಮೇಲೆ ಫೋನು ಅದರ ಸಹಿಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಮುಂದೆ ಅದೇ ಹೆಸರಿನಲ್ಲಿ ಮೊದಲು ಬಂದವರ ಸಹಿಯೇ ಹೊಸ ಮಾದರಿಯಾಗುತ್ತದೆ, ಬಂದವರು ಯಾರೇ ಆಗಿರಲಿ. ಎಂದರೆ ಈ ಕಾವಲು ಮೊದಲ ಸಲ ಹಾಕುವಾಗ ಇರುವುದಿಲ್ಲ, ಎರಡನೆಯ ಸಲದಿಂದ ಶುರುವಾಗುತ್ತದೆ. 4.0 ಎಲ್ಲರಿಗೂ ಮೊದಲ ಸಲವೇ. ಆದ್ದರಿಂದ ಅದನ್ನು ಪ್ಲೇ ಸ್ಟೋರ್‌ನಿಂದ ಅಥವಾ ನಮ್ಮ ಜಾಲತಾಣದಿಂದ ಮಾತ್ರ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ನಾವು ಇನ್ನು ಮುಂದೆ ಯಾವ ಆ್ಯಪ್ ಫೈಲನ್ನೂ ಕಳುಹಿಸುವುದಿಲ್ಲ. ನಮ್ಮ ಹೆಸರಿನಲ್ಲಿ ಬಂದರೂ, ಪರಿಚಯದವರೇ ಮುಂದಕ್ಕೆ ಕಳುಹಿಸಿದರೂ, ಹಾಕಿಕೊಳ್ಳಬೇಡಿ.

ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳಿದ್ದರೆ, ಜಾಲತಾಣದಿಂದ ಇಳಿಸಿದ ಫೈಲಿನ ಸಹಿಯನ್ನು ಅವರು ಹೀಗೆ ಓದಬಹುದು:

```
apksigner verify --print-certs udri-4.0.apk
```

ಬರುವ ಉತ್ತರದಲ್ಲಿ `SHA-256 digest` ಎಂಬ ಸಾಲಿನಲ್ಲಿ 64 ಅಕ್ಷರ, ಅಂಕಿಗಳಿರುತ್ತವೆ. ಅದು ನಮ್ಮ ಕೀಲಿಯ ಬೆರಳಚ್ಚು. ಈ ವರ್ಷದ ಚಂದಾ ರಸೀದಿಯ ಹಿಂಬದಿಯಲ್ಲಿ ಅದನ್ನು ಅಚ್ಚು ಹಾಕಿಸಿದ್ದೇವೆ. ಎರಡೂ ಒಂದೇ ಇದ್ದರೆ ಫೈಲು ನಮ್ಮದು.

ಪ್ಲೇ ಸ್ಟೋರ್‌ನ ಪ್ರತಿಗೂ ಜಾಲತಾಣದ ಪ್ರತಿಗೂ ಒಂದೇ ಕೀಲಿ ಇದೆ. ಸ್ಟೋರ್‌ಗೆ ಆ್ಯಪ್ ಸೇರಿಸುವಾಗ ಗೂಗಲ್ ತಾನೇ ಹೊಸ ಕೀಲಿ ಮಾಡಿಕೊಡಲು ಸಿದ್ಧವಿರುತ್ತದೆ. ನಾವು ಅದನ್ನು ಒಪ್ಪದೆ ನಮ್ಮದನ್ನೇ ಕೊಟ್ಟೆವು. ಒಪ್ಪಿದ್ದರೆ ಜಾಲತಾಣದಿಂದ ಹಾಕಿಕೊಂಡವರು ಮುಂದೊಂದು ದಿನ ಸ್ಟೋರ್‌ನಿಂದ ಹೊಸ ಆವೃತ್ತಿ ಪಡೆಯಲು ಹೋದಾಗ ಇದೇ ತಿರಸ್ಕಾರ ಮತ್ತೆ ಎದುರಾಗುತ್ತಿತ್ತು. ಕೀಲಿಯ ಎರಡು ಪ್ರತಿಗಳು ಎರಡು ಪೆನ್‌ಡ್ರೈವ್‌ಗಳಲ್ಲಿವೆ, ಒಂದು ಬ್ಯಾಂಕ್ ಲಾಕರ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನಮ್ಮ ಪಾಲುದಾರರ ಮನೆಯಲ್ಲಿ. ಆರು ತಿಂಗಳಿಗೊಮ್ಮೆ ಪ್ರತಿಯೊಂದರಿಂದಲೂ ಒಂದು ಪರೀಕ್ಷಾ ಫೈಲಿಗೆ ಸಹಿ ಹಾಕಿ, ಬೆರಳಚ್ಚು ರಸೀದಿಯಲ್ಲಿರುವಂತೆಯೇ ಬರುತ್ತದೆಯೇ ಎಂದು ನೋಡುತ್ತೇವೆ.

ಲೆಕ್ಕ ಸಾಗಿಸುವಾಗ ಎರಡು ಕಡೆಯ ಒಟ್ಟು ಬಾಕಿ ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ, ರಸೀದಿಯಲ್ಲಿರುವ ಸಂಖ್ಯೆಗೆ ಕರೆ ಮಾಡಿ. ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ ಒಬ್ಬರು ಇರುತ್ತಾರೆ. ಫೋನಿನಲ್ಲಿ ಹೇಳಿ ಬಗೆಹರಿಯದಿದ್ದರೆ ನಿಮ್ಮ ಅಂಗಡಿಗೇ ಬರುತ್ತೇವೆ. ಅದಕ್ಕೆ ಶುಲ್ಕವಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಉದ್ರಿ ಲೆಕ್ಕದ ಆ್ಯಪ್ ತಯಾರಕರು