ಫ್ಯಾನ್, ಕೂಲರ್, ಎಸಿ: ಒಂದು ರಾತ್ರಿಗೆ ಎಷ್ಟು?

ಎಲ್ಲರಿಗೂ ನಮಸ್ಕಾರ. ಎಸಿ ಕರೆಂಟ್ ಖರ್ಚು ಎಷ್ಟು ಅಂತ ನಿನ್ನೆ ಕೇಳಿದ್ರಲ್ಲ, ನಮ್ಮನೆಯಲ್ಲೇ ಅಳೆದು ನೋಡಿದೆ.

ರಾತ್ರಿ 11ಕ್ಕೆ ಒಂದು, ಬೆಳಗ್ಗೆ 7ಕ್ಕೆ ಒಂದು ಮೀಟರ್ ಫೋಟೊ. ಫ್ಯಾನ್, ಫ್ರಿಜ್ ಮಾತ್ರ ಓಡಿದ ರಾತ್ರಿ 1.2 ಯೂನಿಟ್. ಜೊತೆಗೆ ಒಂದೂವರೆ ಟನ್ ಇನ್ವರ್ಟರ್ ಎಸಿ 26ಕ್ಕೆ ಇಟ್ಟ ರಾತ್ರಿ 6.7. ಅಂದರೆ ಎಸಿ ಒಂದಕ್ಕೇ 5.5 ಯೂನಿಟ್. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಸುಮಾರು 7 ರೂಪಾಯಿ ಹಿಡಿದರೆ 38 ರೂಪಾಯಿ. 75 ವ್ಯಾಟ್‌ನ ಫ್ಯಾನ್‌ಗೆ 8 ಗಂಟೆಗೆ 4 ರೂಪಾಯಿ, 180 ವ್ಯಾಟ್‌ನ ಕೂಲರ್‌ಗೆ 10 ರೂಪಾಯಿ.

ಗೃಹಜ್ಯೋತಿ ಇರುವವರು ಇದನ್ನು ಗಮನಿಸಿ. ತಿಂಗಳೆಲ್ಲ ಎಸಿ ಹಾಕಿದರೆ 165 ಯೂನಿಟ್ ಜಾಸ್ತಿ ಆಗುತ್ತದೆ. ಒಟ್ಟು 200 ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಹಾಗಾಗಿ 20ನೇ ದಿನಕ್ಕೇ ಮೀಟರ್ ನೋಡಿಕೊಳ್ಳಿ.

ಕೂಲರ್ ಹಾಕುವವರು ಕಿಟಕಿ ತೆರೆದಿಡಿ. ಮುಚ್ಚಿದರೆ ತೇವ ಒಳಗೇ ನಿಂತು ಹಾಸಿಗೆ ಅಂಟಂಟಾಗುತ್ತದೆ. ಮೇ ತಿಂಗಳಲ್ಲಿ ಸಂಜೆ ಮಳೆ ಬಂದ ದಿನ ಕೂಲರ್ ಅಷ್ಟಾಗಿ ತಂಪು ಕೊಡಲ್ಲ, ಅವತ್ತು ಫ್ಯಾನೇ ಸಾಕು.