ಒಂದು ವರ್ಷದ ಸಿಸ್ಟೋಸ್ಕೋಪಿ ಮುಗಿದ ಮೇಲೆ

ಮೂತ್ರಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ನನ್ನ ಒಂದು ವರ್ಷದ ಸಿಸ್ಟೋಸ್ಕೋಪಿ, ಅಂದರೆ ಮೂತ್ರಕೋಶದೊಳಗೆ ಕ್ಯಾಮೆರಾ ಬಿಟ್ಟು ನೋಡುವ ತಪಾಸಣೆ, ಕಳೆದ ವಾರ ಮೈಸೂರಿನಲ್ಲಿ ಮುಗಿಯಿತು. ಮೂತ್ರಕೋಶದ ಒಳಗೋಡೆ ಸ್ವಚ್ಛವಾಗಿದೆ, ಹೊಸ ಗಡ್ಡೆ ಎಲ್ಲೂ ಕಾಣುತ್ತಿಲ್ಲ ಎಂದು ವೈದ್ಯರು ಹೇಳಿದರು. ಈ ಒಂದು ವರ್ಷದಲ್ಲಿ ಮಂಡ್ಯದ ನಮ್ಮ ಮನೆಗೆ ಬಂದು ಹೋದ ಬಂಧುಗಳಿಗೆ, ರಕ್ತ ಕೊಡಲು ಸಾಲಾಗಿ ನಿಂತ ನನ್ನ ಹಳೆಯ ವಿದ್ಯಾರ್ಥಿಗಳಿಗೆ, ನಾನಿಲ್ಲದ ದಿನಗಳಲ್ಲಿ ಗದ್ದೆ ನೋಡಿಕೊಂಡ ನೆರೆಯವರಿಗೆ, ಮೈಸೂರಿನಲ್ಲಿ ವಾರಗಟ್ಟಲೆ ಊಟ ಕಳಿಸಿದ ನನ್ನ ಹೆಂಡತಿಯ ಗೆಳತಿಯರಿಗೆ ನಾನು ಋಣಿಯಾಗಿದ್ದೇನೆ. ಆಸ್ಪತ್ರೆಯ ಓಡಾಟ, ಖರ್ಚು ಇವೆಲ್ಲ ನಿಮಗೆ ತಿಳಿದದ್ದೇ ಆದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ನೋಡಲು ಬಂದವರಲ್ಲಿ ಬಹುಪಾಲು ಜನ ಒಂದೇ ಪ್ರಶ್ನೆ ಕೇಳಿದರು: "ಮೇಷ್ಟ್ರೇ, ನೋವೇ ಇರಲಿಲ್ಲವೆಂದರೆ ನಿಮಗೆ ಗೊತ್ತಾದದ್ದು ಹೇಗೆ?" ಆಗ ಸರಿಯಾಗಿ ಉತ್ತರಿಸಲಾಗದ ಆ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇನೆ.

ಮೊದಲ ಸಲ ಮೂತ್ರ ಕೆಂಪಾಗಿ ಹೋದಾಗ ನೋವಿರಲಿಲ್ಲ, ಉರಿಯಿರಲಿಲ್ಲ, ಜ್ವರವೂ ಇರಲಿಲ್ಲ. ಬೇಸಿಗೆಯಾದ್ದರಿಂದ ಉಷ್ಣವಾಗಿದೆ ಎಂದುಕೊಂಡು ಎರಡು ದಿನ ಎಳನೀರು ಕುಡಿದೆ. ಮೂತ್ರ ತಿಳಿಯಾಯಿತು, ನಾನು ಅದನ್ನು ಮರೆತೆ. ಸುಮಾರು ಆರು ವಾರಗಳ ನಂತರ ಮತ್ತೆ ಕಾಣಿಸಿಕೊಂಡಾಗ ಹತ್ತಿರದ ದವಾಖಾನೆಯಲ್ಲಿ ಸೋಂಕಿರಬೇಕೆಂದು ಐದು ದಿನದ ಮಾತ್ರೆ ಕೊಟ್ಟರು. ಮೂರನೆಯ ದಿನಕ್ಕೆ ರಕ್ತ ನಿಂತಿತು. ಆಗ ಮಾಡಿಸಿದ ಸ್ಕ್ಯಾನಿನಲ್ಲಿ ಪ್ರಾಸ್ಟೇಟ್ ಗ್ರಂಥಿ ತುಸು ದೊಡ್ಡದಾಗಿದೆ ಎಂದಷ್ಟೇ ಬಂದಿತ್ತು, ಮತ್ತು ಈ ವಯಸ್ಸಿಗೆ ಅದು ಸಹಜವೆಂದು ಎಲ್ಲರೂ ಸಮಾಧಾನಪಟ್ಟೆವು. ಆ ದಿನ ನಾನು ಮೂತ್ರ ವಿಸರ್ಜಿಸಿಯೇ ಸ್ಕ್ಯಾನಿಗೆ ಮಲಗಿದ್ದೆ. ಮೂತ್ರಕೋಶ ತುಂಬಿರದಿದ್ದರೆ ಅದರ ಗೋಡೆ ಮಡಿಸಿಕೊಂಡಿರುತ್ತದೆ, ಆ ಮಡಿಕೆಗಳ ನಡುವೆ ಸಣ್ಣ ಗಡ್ಡೆ ಕಣ್ಣಿಗೆ ಬೀಳದೆ ಹೋಗಬಹುದು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಮೂತ್ರಕೋಶದ ಕ್ಯಾನ್ಸರಿನ ರಕ್ತ ಹೀಗೆ ಬರುತ್ತದೆ, ತಾನಾಗಿಯೇ ನಿಲ್ಲುತ್ತದೆ, ವಾರಗಳ ನಂತರ ಮತ್ತೆ ಬರುತ್ತದೆ. ನಿಂತಾಗ ನಾವು ಆ ಹೊತ್ತಿಗೆ ಏನು ಕುಡಿದಿದ್ದೆವೋ ಅದಕ್ಕೆ ಗುಣವಾದ ಕೀರ್ತಿಯನ್ನು ಕೊಡುತ್ತೇವೆ. ನಾನು ಮೊದಲು ಎಳನೀರಿಗೆ ಕೊಟ್ಟೆ, ಆಮೇಲೆ ಮಾತ್ರೆಗೆ ಕೊಟ್ಟೆ. ಮೂತ್ರ ಕೆಂಪಾದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಕಲ್ಲು, ಸೋಂಕು, ಪ್ರಾಸ್ಟೇಟ್ ಇವೂ ಕಾರಣವಾಗುತ್ತವೆ. ಆದರೆ ಕಲ್ಲಿಗೆ ಸಾಮಾನ್ಯವಾಗಿ ನೋವಿರುತ್ತದೆ, ಸೋಂಕಿಗೆ ಉರಿಯಿರುತ್ತದೆ. ಎರಡೂ ಇಲ್ಲದೆ ಬರುವ ರಕ್ತವನ್ನು, ಅದು ಒಂದೇ ಸಲ ಕಂಡಿದ್ದರೂ, ನಿಂತು ಹೋಗಿದ್ದರೂ, ಮೂತ್ರಾಂಗ ತಜ್ಞರಿಗೆ ತೋರಿಸಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ಅದರ ಮೇಲೆ ದೋಷ ಹೊರಿಸಿ ಸುಮ್ಮನಿರಬಾರದು.

ನನ್ನನ್ನು ತಜ್ಞರ ಬಳಿಗೆ ಕಳಿಸಿದ್ದು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿ. ಮೂರನೆಯ ಸಲ ಹೆಪ್ಪು ಹೆಪ್ಪಾಗಿ ರಕ್ತ ಹೋದಾಗ ಮೂತ್ರ ಪರೀಕ್ಷೆಗೆ ಕೊಟ್ಟಿದ್ದೆ. "ಸರ್, ಕಲ್ಚರಿನಲ್ಲಿ ಸೋಂಕೇ ಬೆಳೆದಿಲ್ಲ, ಬರೀ ರಕ್ತ ಇದೆ. ದಯವಿಟ್ಟು ನಾಳೆಯೇ ಮೈಸೂರಿಗೆ ಹೋಗಿ" ಎಂದು ಅವಳು ಹೇಳಿದ ಎರಡು ವಾಕ್ಯಗಳಿಗೆ ನಾನು ಕಲಿಸಿದ ಪಾಠಗಳೆಲ್ಲ ಸಮವಲ್ಲ.

ಸಿಸ್ಟೋಸ್ಕೋಪಿ ಎಂದರೆ ಹೆದರಬೇಕಾದ್ದೇನಿಲ್ಲ. ಮೂತ್ರನಾಳಕ್ಕೆ ಮರಗಟ್ಟಿಸುವ ಜೆಲ್ ಹಾಕಿ, ಕ್ಯಾಮೆರಾ ಇರುವ ಬಾಗುವ ತೆಳು ನಳಿಕೆಯನ್ನು ಒಳಗೆ ಬಿಟ್ಟು, ನೀರು ತುಂಬಿಸಿ ಗೋಡೆಯನ್ನು ಸುತ್ತಲೂ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಮುಜುಗರವಿದೆ, ಮೂತ್ರಕ್ಕೆ ಅವಸರವಾದಂತೆನಿಸುತ್ತದೆ, ಒಂದೆರಡು ದಿನ ಉರಿಯುತ್ತದೆ, ಅಷ್ಟೆ. ಪರದೆಯ ಮೇಲೆ ನಾನೇ ಅದನ್ನು ನೋಡಿದೆ: ಎಡಗೋಡೆಯಲ್ಲಿ, ಕೆರೆಯ ನೀರಿನೊಳಗೆ ತೂಗುವ ಪಾಚಿಯ ಎಳೆಗಳ ಹಾಗೆ, ಸುಮಾರು ಎರಡೂವರೆ ಸೆಂಟಿಮೀಟರಿನ ಗೊಂಚಲು. ನಾನು ಧೂಮಪಾನ ಬಿಟ್ಟು ಹನ್ನೆರಡು ವರ್ಷಗಳಾಗಿದ್ದವು. ಹೊಗೆಯ ವಿಷವನ್ನು ಮೂತ್ರಪಿಂಡಗಳು ಸೋಸಿ ಮೂತ್ರಕ್ಕೆ ಬಿಡುತ್ತವೆ, ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದ ಗೋಡೆಗೆ ತಾಗಿಕೊಂಡಿರುತ್ತದೆ, ಬಿಟ್ಟ ಮೇಲೆ ಅಪಾಯ ಇಳಿಯುತ್ತದಾದರೂ ಬೇಗ ಅಳಿಯುವುದಿಲ್ಲ ಎಂದು ವೈದ್ಯರು ವಿವರಿಸಿದರು. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಕಣ್ಣಳತೆಗೆ ನಿಲುಕುವುದಿಲ್ಲ. ಅದನ್ನು ತಳದ ಸ್ನಾಯುವಿನ ಚೂರಿನ ಸಮೇತ ಕೆತ್ತಿ ತೆಗೆದು ಬಯಾಪ್ಸಿಗೆ ಕಳಿಸಬೇಕು. ಆ ಶಸ್ತ್ರಚಿಕಿತ್ಸೆಗೆ ಹೊಟ್ಟೆ ಕೊಯ್ಯುವುದಿಲ್ಲ, ಬೆನ್ನಿಗೆ ಅರಿವಳಿಕೆ ಕೊಟ್ಟು ಮೂತ್ರನಾಳದ ಮೂಲಕವೇ ಮಾಡುತ್ತಾರೆ.

ಶಸ್ತ್ರಚಿಕಿತ್ಸೆಯಾದ ರಾತ್ರಿ ಆಸ್ಪತ್ರೆಯಲ್ಲಿ ನನ್ನ ಬಳಿ ಉಳಿದವನು ನನ್ನ ಭಾಮೈದ. ಅವನು ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಊರೊಂದರ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ತೂಬು ಯಾವಾಗ ಎತ್ತಬೇಕು ಎಂಬುದು ಅವನ ಬದುಕು. ಓದಿದ್ದು ಏಳನೆಯ ತರಗತಿ. ನಮ್ಮ ಮನೆಯ ಸಮಾರಂಭಗಳಲ್ಲಿ ನಾನು ಅವನೊಂದಿಗೆ ಹತ್ತು ನಿಮಿಷ ಕುಳಿತು ಮಾತಾಡಿದ್ದು ನೆನಪಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಶಸ್ತ್ರಚಿಕಿತ್ಸೆಯ ನಂತರ ಮೂತ್ರಕೋಶಕ್ಕೆ ಮೂರು ದಾರಿಯ ಕ್ಯಾತಿಟರ್ ನಳಿಕೆ ಹಾಕಿರುತ್ತಾರೆ. ಒಂದು ದಾರಿ ಒಳಗಿನ ಬಲೂನಿಗೆ, ಒಂದರಲ್ಲಿ ಸಲೈನ್ ಒಳಗೆ ಹೋಗುತ್ತಿರುತ್ತದೆ, ಇನ್ನೊಂದರಲ್ಲಿ ರಕ್ತ ಬೆರೆತ ನೀರು ಹೊರಗೆ ಬರುತ್ತಿರುತ್ತದೆ. ರಕ್ತ ಒಳಗೆ ಹೆಪ್ಪುಗಟ್ಟದಂತೆ ತೊಳೆಯುತ್ತಿರುವುದೇ ಇದರ ಉದ್ದೇಶ. ಸಂಜೆ ನರ್ಸಮ್ಮನವರು, ನೀರು ತಿಳಿಗುಲಾಬಿ ಬಣ್ಣದಲ್ಲಿ ಬರುತ್ತಿದ್ದರೆ ಚಿಂತೆಯಿಲ್ಲ, ಗಾಢವಾದರೆ ಅಥವಾ ಬರುವುದು ಕಡಿಮೆಯಾದರೆ ಕರೆಯಿರಿ ಎಂದು ಹೇಳಿಹೋಗಿದ್ದರು. ಅವನು ತನ್ನ ಜೇಬಿನ ನೋಟ್‌ಬುಕ್ ತೆಗೆದು ಎರಡು ಸಾಲು ಮಾಡಿಕೊಂಡ: ಮೇಲೆ ನೇತುಹಾಕಿದ ಚೀಲದಿಂದ ಎಷ್ಟು ಇಳಿಯಿತು, ಕೆಳಗಿನ ಚೀಲದಿಂದ ಎಷ್ಟು ಚೆಲ್ಲಿದೆವು. ಹೀಗೆ ಬರೆಯಲು ಅವನಿಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಒಂದರ ಹೊತ್ತಿಗೆ ಕಿಬ್ಬೊಟ್ಟೆಯಲ್ಲಿ ಹಿಂಡುವಂಥ ನೋವು ಶುರುವಾಯಿತು. ಕ್ಯಾತಿಟರ್ ಇದ್ದಾಗ ಹಾಗೆ ಹಿಡಿದುಕೊಳ್ಳುವುದು ಸಾಮಾನ್ಯವೇ ಆದ್ದರಿಂದ ನೋವಿನ ಇಂಜೆಕ್ಷನ್ ಕೊಟ್ಟರು. ನಾನು ಗೋಡೆಗೆ ಮುಖಮಾಡಿ ಅತ್ತೆ. ಈ ನಳಿಕೆ ಕಿತ್ತುಬಿಡು, ನನಗೆ ಇದಾವುದೂ ಬೇಡ ಎಂದು ಅವನ ಕೈ ಹಿಡಿದು ಬೇಡಿಕೊಂಡೆ. ಅವನು ನೋಟ್‌ಬುಕ್ ನೋಡಿ, "ಭಾವ, ಮೂರು ಲೀಟ್ರು ಒಳಕ್ಕೆ ಹೋಗ್ಯದೆ, ಆಚೆ ಬಂದಿರದು ಎಲ್ಲ ಸೇರಿ ಎರಡೇ. ತೂಬು ಕಟ್ಕಂಡದೆ" ಎಂದು ಓಡಿದ. ಒಬ್ಬರೇ ಇಡೀ ವಾರ್ಡು ನೋಡುತ್ತಿದ್ದ ನರ್ಸಮ್ಮನಿಗೆ ಆ ಲೆಕ್ಕ ತೋರಿಸಿದ. ಅವರು ಬಂದು ನನ್ನ ಕಿಬ್ಬೊಟ್ಟೆ ಮುಟ್ಟಿ ನೋಡಿ, ತಕ್ಷಣ ಒಳಹೋಗುವ ಸಲೈನ್ ನಿಲ್ಲಿಸಿ, ಕರ್ತವ್ಯದಲ್ಲಿದ್ದ ವೈದ್ಯರನ್ನು ಕರೆದರು. ದೊಡ್ಡ ಸಿರಿಂಜಿನಿಂದ ಸಲೈನ್ ತಳ್ಳಿ ಎಳೆದು, ತಳ್ಳಿ ಎಳೆದು, ಮುಕ್ಕಾಲು ಗಂಟೆಯವರೆಗೆ ಹೆಪ್ಪುಗಳನ್ನು ಹೊರತೆಗೆದರು. ಕಡೆಯ ಹೆಪ್ಪು ಬಂದೊಡನೆ ನೋವು ಬಿಟ್ಟ ಆ ಕ್ಷಣವನ್ನು ನಾನು ವರ್ಣಿಸಲಾರೆ.

ದಾರಿ ಕಟ್ಟಿಕೊಂಡ ಮೇಲೂ ಮೇಲಿನಿಂದ ನೀರು ಇಳಿಯುತ್ತಲೇ ಇದ್ದರೆ ಮೂತ್ರಕೋಶ ಬಿಗಿದು, ಆಗಷ್ಟೇ ಕೆತ್ತಿದ ತೆಳುವಾದ ಜಾಗ ಹರಿಯುವ ಅಪಾಯವಿರುತ್ತದೆ ಎಂದು ಬೆಳಿಗ್ಗೆ ವೈದ್ಯರು ಹೇಳಿದರು. ನೋವಿಗೆ ಮದ್ದು ಕೊಡುವ ಮೊದಲು ಹೋದ ನೀರು ಬಂದಿದೆಯೇ ಎಂದು ನೋಡಬೇಕು. ನಿಮ್ಮಲ್ಲಿ ಯಾರಾದರೂ ಇಂಥ ರೋಗಿಯ ಬಳಿ ರಾತ್ರಿ ಕೂರಬೇಕಾಗಿ ಬಂದರೆ ಒಂದು ಪೆನ್ನು, ಒಂದು ಹಾಳೆ ಇಟ್ಟುಕೊಳ್ಳಿ. ಬರುವ ನೀರು ಹೋದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು, ಏಕೆಂದರೆ ಅದರಲ್ಲಿ ಮೂತ್ರವೂ ಸೇರಿರುತ್ತದೆ. ಬೆಳಗಿನ ಜಾವದವರೆಗೂ ಅವನು ಆ ನಳಿಕೆಯ ಮೇಲೆ ಬೆರಳಿಟ್ಟುಕೊಂಡೇ ಕುಳಿತಿದ್ದ, ಹರಿವಿನ ತಂಪು ಬೆರಳಿಗೆ ತಿಳಿಯುತ್ತದೆ ಎಂದು.

ಬಯಾಪ್ಸಿ ವರದಿಯಲ್ಲಿ ಗಡ್ಡೆ ವೇಗವಾಗಿ ಬೆಳೆಯುವ ಜಾತಿಯದೆಂದೂ, ಒಳಪೊರೆಯ ಕೆಳಗಿನ ಪದರಕ್ಕೆ ಇಳಿದಿದೆ ಆದರೆ ಸ್ನಾಯುವನ್ನು ಮುಟ್ಟಿಲ್ಲವೆಂದೂ ಬಂದಿತು. ಸ್ನಾಯುವನ್ನು ಮುಟ್ಟಿದ್ದರೆ ದಾರಿಯೇ ಬೇರೆ: ಸಾಮಾನ್ಯವಾಗಿ ಕೀಮೋಥೆರಪಿ ಕೊಟ್ಟು ಮೂತ್ರಕೋಶವನ್ನೇ ತೆಗೆದು, ಕರುಳಿನ ತುಂಡಿನಿಂದ ಮೂತ್ರಕ್ಕೆ ಹೊಟ್ಟೆಯ ಮೇಲೆ ದಾರಿ ಮಾಡುತ್ತಾರೆ, ಆಯ್ದ ಕೆಲವರಿಗೆ ಮೂತ್ರಕೋಶ ಉಳಿಸಿ ವಿಕಿರಣ ಮತ್ತು ಕೀಮೋ ಒಟ್ಟಿಗೆ ಕೊಡುವುದೂ ಇದೆ. ನಾನು ಎಳನೀರಿಗೆ, ಮಾತ್ರೆಗೆ ಕೀರ್ತಿ ಕೊಡುತ್ತ ಕಳೆದ ಆ ನಾಲ್ಕು ತಿಂಗಳು ಐದಾರಾಗಿದ್ದರೆ ಏನಾಗುತ್ತಿತ್ತೋ ಎಂದು ಇಂದಿಗೂ ಕೆಲವು ರಾತ್ರಿ ಎದ್ದು ಕೂರುತ್ತೇನೆ. ಮೊದಲ ಸಲ ಕೆಂಪು ಕಂಡದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ಅದಕ್ಕೆ ಅವಳ ಕ್ಷಮೆಯನ್ನು ಎಲ್ಲರೆದುರು ಕೇಳುತ್ತೇನೆ.

ಈ ಜಾತಿಯ ಗಡ್ಡೆಗೆ ಒಮ್ಮೆ ಕೆತ್ತಿದರೆ ಸಾಲದು, ಏನಾದರೂ ಉಳಿದಿರಬಹುದು ಎಂದು ನಾಲ್ಕು ವಾರಗಳ ನಂತರ ಅದೇ ಜಾಗವನ್ನು ಮತ್ತೆ ಕೆತ್ತಿ ನೋಡಿದರು; ಏನೂ ಉಳಿದಿರಲಿಲ್ಲ. ಗಾಯ ಮಾಯ್ದ ಮೇಲೆ ವಾರಕ್ಕೊಂದರಂತೆ ಆರು ಸಲ ಬಿಸಿಜಿ ಹಾಕಿದರು. ಹಸುಗೂಸಿಗೆ ಕ್ಷಯ ಬಾರದಂತೆ ತೋಳಿಗೆ ಚುಚ್ಚುವ ಬಿಸಿಜಿಯ ಜೀವಾಣುವೇ ಅದು. ಕ್ಯಾತಿಟರ್ ಮೂಲಕ ಮೂತ್ರಕೋಶಕ್ಕೆ ತುಂಬಿಸಿ ಎರಡು ಗಂಟೆ ಹಿಡಿದಿಟ್ಟುಕೊಂಡರೆ, ಅದರ ವಿರುದ್ಧ ಎದ್ದ ದೇಹದ ರಕ್ಷಣೆ ಅಳಿದುಳಿದ ಕ್ಯಾನ್ಸರ್ ಕಣಗಳ ಮೇಲೂ ಬೀಳುತ್ತದೆ. ಅದು ಜೀವಂತ ಜೀವಾಣುವಾದ್ದರಿಂದ ಮುಂದಿನ ಆರು ಗಂಟೆ ಕುಳಿತೇ ಮೂತ್ರ ಮಾಡಿ, ಪ್ರತಿ ಸಲ ಬ್ಲೀಚ್ ಸುರಿದು, ಸ್ವಲ್ಪ ಹೊತ್ತು ಬಿಟ್ಟು ನೀರು ಹಾಕಬೇಕು. ಒಂದೆರಡು ದಿನ ಉರಿ, ಮೈಬೆಚ್ಚಗಾಗುವುದು ಸಹಜ. ಜ್ವರ ಹೆಚ್ಚಾಗಿ ಇಳಿಯದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ರಕ್ತ ಕಂಡ ಒಂದು ವಾರ ನನ್ನನ್ನು ವಾಪಸು ಕಳಿಸಿದ ನರ್ಸಮ್ಮನಿಗೆ ನಾನು ಆ ದಿನ ಸಿಡುಕಿದ್ದೆ. ಗಾಯದ ಮೂಲಕ ಜೀವಾಣು ರಕ್ತಕ್ಕೆ ಸೇರಬಾರದೆಂದೇ ಅವರು ಹಾಗೆ ಮಾಡಿದ್ದು. ಅವರಿಗೂ ನನ್ನ ನಮಸ್ಕಾರ.

ಈ ಗಡ್ಡೆ ಮರಳಿ ಬರುವ ಸ್ವಭಾವದ್ದು. ಆದ್ದರಿಂದ ಎರಡು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಿಸ್ಟೋಸ್ಕೋಪಿ ಮಾಡಿಸಬೇಕು. ನಡುನಡುವೆ ಬಿಸಿಜಿಯೂ ಇದೆ. ಮುಂದಿನ ತಪಾಸಣೆಯ ದಿನವನ್ನು ಭಾಮೈದ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾನೆ. ಆ ರಾತ್ರಿಯ ಲೆಕ್ಕವಿರುವ ಹಾಳೆಯನ್ನು ಹರಿದು ಕೊಡು, ಇಟ್ಟುಕೊಳ್ಳುತ್ತೇನೆ ಎಂದು ಕೇಳಿದೆ. ಅದರ ಹಿಂಬದಿಯಲ್ಲಿ ಕೆಳಗಿನ ಗದ್ದೆಗಳ ನೀರಿನ ಸರದಿ ಇದೆ, ಕೊಡಕ್ಕಾಗಲ್ಲ ಭಾವ ಎಂದ.